ಏಜೆಂಟರನ್ನು ಬಿಟ್ಟು ಡೈರೆಕ್ಟ್ ಪ್ಲಾನ್‌ಗೆ: ಮೊದಲು ಎಸ್‌ಐಪಿ, ಆಮೇಲೆ ಹಳೇ ಹಣ

“ಮ್ಯೂಚುವಲ್ ಫಂಡ್ ಎಲ್ಲಾ ಏಜೆಂಟ್ ಸರ್ ಕಡೆಯಿಂದಲೇ ಮಾಡೀನ್ರಿ. ಈಗ ಡೈರೆಕ್ಟ್ ಪ್ಲಾನ್‌ಗೆ ಹೋಗಬೇಕು ಅನ್ಸ್ಯಾದ. ಅವರಿಗೆ ಹೆಂಗ ಹೇಳೋದು? ಇರೋ ರೊಕ್ಕ ಎಲ್ಲಾ ಒಮ್ಮೆಲೆ ತೆಗೀಬೇಕಾ?”

ಒಮ್ಮೆಲೆ ತೆಗೆಯಬೇಡಿ. ಎಸ್‌ಐಪಿಯನ್ನು ಈ ತಿಂಗಳೇ ಬದಲಿಸಿ, ಹಳೇ ಹಣವನ್ನು ತೆರಿಗೆ ನೋಡಿಕೊಂಡು ನಿಧಾನವಾಗಿ ಸಾಗಿಸಿ. ಏಜೆಂಟರಿಗೆ ಹೇಳುವ ಮಾತು ಅದಕ್ಕಿಂತ ಸುಲಭ. ಅವರ ಸಹಿಯಾಗಲಿ ಅನುಮತಿಯಾಗಲಿ ಈ ಕೆಲಸಕ್ಕೆ ಬೇಕಿಲ್ಲ.

ಅವರಿಗೆ ಹೋಗುತ್ತಿರುವ ಹಣ ಎಷ್ಟು ಅಂತ ಮೊದಲು ನೀವೇ ನೋಡಿ. ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಪ್ಯಾನ್ ನಂಬರಿನ ಮೇಲೆ ಎಲ್ಲ ಫಂಡುಗಳದ್ದೂ ಸೇರಿಸಿ ಒಂದು ಸ್ಟೇಟ್‌ಮೆಂಟ್ ಬರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ಗೆ ಮುಗಿಯುವ ಅರ್ಧ ವರ್ಷದ ಸ್ಟೇಟ್‌ಮೆಂಟಿನಲ್ಲಿ, ನಿಮ್ಮ ಹೂಡಿಕೆಯ ಮೇಲೆ ಫಂಡ್ ಕಂಪನಿ ಏಜೆಂಟರಿಗೆ ಕೊಟ್ಟ ಕಮಿಷನ್ನು ರೂಪಾಯಿ ಲೆಕ್ಕದಲ್ಲೇ ಇರುತ್ತದೆ. ಹೆಚ್ಚಿನವರು ಆ ಪುಟದ ತನಕ ಹೋಗುವುದೇ ಇಲ್ಲ. “ನಾವು ಅವರಿಗೆ ಒಂದು ರೂಪಾಯಿನೂ ಕೊಟ್ಟಿಲ್ಲ” ಅನ್ನುವವರು ಆ ಪುಟವನ್ನು ಒಮ್ಮೆ ಓದಬೇಕು. ಈ ಹಣ ನಿಮ್ಮ ಬ್ಯಾಂಕ್ ಖಾತೆಯಿಂದ ಹೋಗುವುದಿಲ್ಲ. ಏಜೆಂಟರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್‌ನ ಖರ್ಚಿನಲ್ಲಿ ಸೇರಿಕೊಂಡು, ದಿನಾ ಸ್ವಲ್ಪ ಸ್ವಲ್ಪ ಯೂನಿಟ್ ಬೆಲೆಯಾದ ಎನ್‌ಎವಿಯಿಂದ ಕಡಿತವಾಗುತ್ತದೆ. ಡೈರೆಕ್ಟ್ ಪ್ಲಾನ್ 2013ರ ಜನವರಿಯಲ್ಲಿ ಬಂತು. ಅದೇ ಫಂಡು, ಅದೇ ಮ್ಯಾನೇಜರ್, ಅದೇ ಷೇರುಗಳು. ಕಮಿಷನ್ ಮಾತ್ರ ಇಲ್ಲ.

ಇಲ್ಲಿ ನಮ್ಮ ಕಡೆ ಒಂದು ತೊಡಕು ಮೇಲಿಂದ ಮೇಲೆ ಕಾಣಿಸುತ್ತದೆ. ಸ್ಟೇಟ್‌ಮೆಂಟ್ ತರಿಸೋಣ ಅಂತ ಕೂತರೆ ಅದು ಬರುವುದೇ ಇಲ್ಲ. ಯಾಕೆಂದರೆ ಫೋಲಿಯೋದಲ್ಲಿ, ಅಂದರೆ ಫಂಡ್ ಕಂಪನಿಯ ನಿಮ್ಮ ಖಾತೆಯಲ್ಲಿ, ಏಜೆಂಟರ ಇಮೇಲ್ ಇರುತ್ತದೆ. ಕೆಲವು ಸಲ ಮೊಬೈಲ್ ನಂಬರ್ ಕೂಡ ಅವರದ್ದೇ. ಫಾರ್ಮ್ ತುಂಬುವಾಗ “ಇಮೇಲ್ ಇಲ್ರೀ” ಅಂದಿರುತ್ತೀರಿ, ಅವರು ತಮ್ಮದನ್ನು ಬರೆದಿರುತ್ತಾರೆ. ಹೀಗಿದ್ದರೆ ಒಟಿಪಿ ಅವರಿಗೆ ಹೋಗುತ್ತದೆ, ನೀವು ಆನ್‌ಲೈನ್‌ನಲ್ಲಿ ಏನೂ ಮಾಡಲಾಗುವುದಿಲ್ಲ. ಆಗ ಇಮೇಲ್ ಮತ್ತು ಮೊಬೈಲ್ ಬದಲಿಸುವುದೇ ಮೊದಲ ಕೆಲಸ. ಹೆಚ್ಚಿನ ಫಂಡ್ ಕಂಪನಿಗಳ ದಾಖಲೆ ನೋಡಿಕೊಳ್ಳುವುದು ಕ್ಯಾಮ್ಸ್ ಇಲ್ಲವೇ ಕೆಫಿನ್‌ಟೆಕ್. ಎರಡರ ಸೇವಾ ಕೇಂದ್ರವೂ ಕಲಬುರಗಿಯಲ್ಲಿ ಇದೆ. ಪ್ಯಾನ್ ಕಾರ್ಡ್ ತೆಗೆದುಕೊಂಡು ಹೋಗಿ, ಫೋಲಿಯೋ ತೆರೆದಾಗ ಮಾಡಿದ ಸಹಿಯನ್ನೇ ಮಾಡಿ ಫಾರ್ಮ್ ಕೊಡಿ. ಸಹಿ ಹೊಂದದೆ ಫಾರ್ಮ್ ವಾಪಸ್ ಬರುವುದು ತುಂಬಾ ಸಾಮಾನ್ಯ. ಒಮ್ಮೆ ನಂಬರ್ ನಿಮ್ಮದಾದರೆ `mfcentral.com`ನಲ್ಲಿ ಎರಡೂ ಕಡೆಯ ಫೋಲಿಯೋಗಳು ಒಟ್ಟಿಗೆ ಕಾಣುತ್ತವೆ.

ಈಗ ಎಸ್‌ಐಪಿ. ರೆಗ್ಯುಲರ್ ಎಸ್‌ಐಪಿ ತಾನಾಗಿ ಡೈರೆಕ್ಟ್ ಆಗುವುದಿಲ್ಲ. ಇದ್ದ ಯೂನಿಟ್‌ಗಳನ್ನೆಲ್ಲ ಡೈರೆಕ್ಟ್‌ಗೆ ಹಾಕಿದರೂ ಎಸ್‌ಐಪಿ ಹಳೇ ಪ್ಲಾನಿನಲ್ಲೇ ಓಡುತ್ತಿರುತ್ತದೆ, ಪ್ರತಿ ತಿಂಗಳು ರೆಗ್ಯುಲರ್ ಯೂನಿಟ್ ಬಂದು ಕೂರುತ್ತಲೇ ಇರುತ್ತದೆ. ಅದನ್ನು ರದ್ದು ಮಾಡಿ, ಅದೇ ಫಂಡಿನ ಡೈರೆಕ್ಟ್ ಪ್ಲಾನ್‌ನಲ್ಲಿ ಹೊಸದು ಶುರು ಮಾಡಬೇಕು. ಕಂತಿನ ತಾರೀಕಿಗೆ ಒಂದು ವಾರ ಮೊದಲೇ ರದ್ದು ಮಾಡಿ. ಹೊಸದನ್ನು ಆರಿಸುವಾಗ ಹೆಸರಿನಲ್ಲಿ `Direct Plan - Growth` ಅಂತ ಇದೆಯಾ ನೋಡಿ. ಪಕ್ಕದಲ್ಲೇ `IDCW` ಅಂತ ಇನ್ನೊಂದು ಇರುತ್ತದೆ. ಅದು ಆಗಾಗ ಹಣ ಹಂಚುವ ಆಯ್ಕೆ, ಬಂದ ಹಣ ನಿಮ್ಮ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಸುಮ್ನೆ ಅವಸರದಲ್ಲಿ ಅದನ್ನು ಒತ್ತಿದವರಿದ್ದಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. “ಏಜೆಂಟರ ಎಆರ್‌ಎನ್ ಕೋಡ್ ತೆಗೆದುಹಾಕಿ ಅಂತ ಅರ್ಜಿ ಕೊಟ್ಟೆ, ಈಗ ನಂದು ಡೈರೆಕ್ಟ್ ಅಲ್ವಾ?” ಅಂತ ಕೇಳುತ್ತಾರೆ. ಆಗಿರುವುದಿಲ್ಲ. ಕೋಡ್ ಹೋದರೂ ಯೂನಿಟ್‌ಗಳು ರೆಗ್ಯುಲರ್ ಪ್ಲಾನಿನಲ್ಲೇ ಇರುತ್ತವೆ, ಆ ಪ್ಲಾನಿನ ಪೂರ್ತಿ ಖರ್ಚನ್ನೇ ನೀವು ಭರಿಸುತ್ತೀರಿ. ಏಜೆಂಟರಿಗೆ ಕಮಿಷನ್ ನಿಂತಿತು, ನಿಮಗೆ ಉಳಿದದ್ದು ಏನೂ ಇಲ್ಲ. ಸ್ಟೇಟ್‌ಮೆಂಟಿನಲ್ಲಿ `Advisor` ಅನ್ನುವ ಕಡೆ `DIRECT` ಅಂತ ಕಂಡರೆ ಅಷ್ಟಕ್ಕೇ ಸಮಾಧಾನ ಬೇಡ. ಫಂಡಿನ ಹೆಸರಿನಲ್ಲೇ `Direct` ಇರಬೇಕು. ಅದಕ್ಕೆ ಇರುವ ದಾರಿ ಒಂದೇ, ಯೂನಿಟ್‌ಗಳನ್ನು ಡೈರೆಕ್ಟ್ ಪ್ಲಾನ್‌ಗೆ ಸಾಗಿಸುವ ಸ್ವಿಚ್.

ಸ್ವಿಚ್ ಮಾಡಿದರೆ ಹಣ ನಿಮ್ಮ ಬ್ಯಾಂಕಿಗೆ ಬರುವುದಿಲ್ಲ. ಆದರೂ ತೆರಿಗೆ ಕಾನೂನಿನ ಕಣ್ಣಿಗೆ ಅದು ಮಾರಿ ಮತ್ತೆ ಕೊಂಡ ಹಾಗೆಯೇ. ಹಾಗಾಗಿ ಲಾಭಕ್ಕೆ ತೆರಿಗೆ ಇದೆ, ಕೊಂಡು ವರ್ಷ ಆಗದ ಯೂನಿಟ್‌ಗೆ ಬೇಗ ಹೊರಬಿದ್ದದ್ದಕ್ಕೆ ಕಡಿಯುವ ಎಕ್ಸಿಟ್ ಲೋಡ್ ಇರಬಹುದು. ಏಜೆಂಟರು “ತೆರಿಗೆ ಬೀಳುತ್ತೆ ನೋಡ್ರಿ” ಅಂತ ಹೆದರಿಸುವುದು ಇದನ್ನೇ ಹಿಡಿದು. ಮಾತು ಸುಳ್ಳಲ್ಲ. ಆದರೆ ಎಷ್ಟು ಬೀಳುತ್ತದೆ ಅನ್ನುವುದು ನೀವು ಯಾವಾಗ, ಎಷ್ಟೆಷ್ಟು ಸಾಗಿಸುತ್ತೀರಿ ಅನ್ನುವುದರ ಮೇಲಿದೆ.

ಚಿಂಚೋಳಿ ಕಡೆ ಟೀಚರ್ ಆಗಿರುವ ನಮ್ಮ ಸಂಬಂಧದ ಅಕ್ಕನ ಲೆಕ್ಕ ಹೇಳುತ್ತೇನೆ. 2019ರ ಏಪ್ರಿಲ್‌ನಿಂದ 2025ರ ಮಾರ್ಚ್ ತನಕ ಒಂದೇ ಈಕ್ವಿಟಿ ಫಂಡಿನಲ್ಲಿ ತಿಂಗಳಿಗೆ 5,000 ರೂಪಾಯಿ. ಒಟ್ಟು ಹಾಕಿದ್ದು 3,60,000. ಮಾರ್ಚ್‌ನಲ್ಲಿ ಅದರ ಬೆಲೆ ಸುಮಾರು 5,66,000. ರೆಗ್ಯುಲರ್ ಮತ್ತು ಡೈರೆಕ್ಟ್ ನಡುವಿನ ಖರ್ಚಿನ ವ್ಯತ್ಯಾಸ ಆ ಫಂಡಿನಲ್ಲಿ ವರ್ಷಕ್ಕೆ ಶೇಕಡ 0.8. ಅಂದರೆ ಆ ವರ್ಷಕ್ಕೆ ಸುಮಾರು 4,500 ರೂಪಾಯಿ. ಹಣ ಬೆಳೆದಂತೆ ಇದೂ ಬೆಳೆಯುತ್ತದೆ.

ಫಂಡಿನಲ್ಲಿ ಮೊದಲು ಕೊಂಡ ಯೂನಿಟ್ ಮೊದಲು ಹೊರಗೆ ಹೋಗುತ್ತದೆ. ಅಕ್ಕನ ಮೊದಲ ಎರಡು ವರ್ಷದ ಕಂತು 1,20,000 ರೂಪಾಯಿ, ಅದು 2,44,000 ಆಗಿತ್ತು. ಲಾಭ 1,24,000. ಆಮೇಲಿನ ಮೂರು ವರ್ಷದ 1,80,000 ರೂಪಾಯಿ 2,62,000 ಆಗಿತ್ತು. ಲಾಭ 82,000. ಕೊನೆಯ ಒಂದು ವರ್ಷದ 60,000 ಹೆಚ್ಚೂಕಡಿಮೆ ಅಷ್ಟೇ ಇತ್ತು.

ಈಕ್ವಿಟಿ ಫಂಡನ್ನು ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ಶೇಕಡ 12.5. ಐದು ವರ್ಷದ ಹಣವನ್ನೆಲ್ಲ ಒಂದೇ ದಿನ ಸ್ವಿಚ್ ಮಾಡಿದ್ದರೆ ಲಾಭ 2,06,000. ಅದರಲ್ಲಿ 81,000ಕ್ಕೆ ತೆರಿಗೆ, ಸೆಸ್ ಸೇರಿ 10,530 ರೂಪಾಯಿ. ಅಕ್ಕ ಹಾಗೆ ಮಾಡಲಿಲ್ಲ. ಮೊದಲ ಎರಡು ವರ್ಷದ ಯೂನಿಟ್‌ಗಳನ್ನು ಮಾರ್ಚ್ ಮೂರನೇ ವಾರದಲ್ಲಿ ಸಾಗಿಸಿದರು. ಲಾಭ ಮಿತಿಯ ಒಳಗೇ ಇತ್ತು. ಏಪ್ರಿಲ್ ಬಂತು, ಹೊಸ ಹಣಕಾಸು ವರ್ಷ, ಹೊಸ 1.25 ಲಕ್ಷ. ಮುಂದಿನ ಮೂರು ವರ್ಷದ ಯೂನಿಟ್‌ಗಳೂ ಹೋದವು. ಎರಡೂ ಸಲ ತೆರಿಗೆ ಸೊನ್ನೆ. ಇನ್ನೊಂದು ಅನುಕೂಲ ಇದೆ. ಹೊಸ ಯೂನಿಟ್‌ಗಳ ಕೊಂಡ ಬೆಲೆ ಈಗಿನ ಬೆಲೆ ಆಗುತ್ತದೆ. ನಾಳೆ ನಿಜವಾಗಿ ಹಣ ತೆಗೆಯುವಾಗ ಹಳೇ ಲಾಭದ ಮೇಲೆ ಮತ್ತೆ ತೆರಿಗೆ ಬರುವುದಿಲ್ಲ.

ಕೊನೆಯ 60,000ವನ್ನು ಅವರು ಮುಟ್ಟಲಿಲ್ಲ. ವರ್ಷ ತುಂಬದ ಯೂನಿಟ್ ಮಾರಿದರೆ ಲಾಭಕ್ಕೆ ಶೇಕಡ 20 ತೆರಿಗೆ, ಮೇಲೆ ಆ ಫಂಡಿನಲ್ಲಿ ಶೇಕಡ 1 ಎಕ್ಸಿಟ್ ಲೋಡ್. ಎಸ್‌ಐಪಿ ಆಗಲೇ ನಿಂತಿದ್ದರಿಂದ 2026ರ ಏಪ್ರಿಲ್ ಹೊತ್ತಿಗೆ ಅವೆಲ್ಲ ವರ್ಷ ದಾಟುವುದು ಖಾತ್ರಿಯಿತ್ತು. ಅಷ್ಟು ದಿನ ಕಾಯುವುದಕ್ಕೆ ಆಗುವ ಖರ್ಚು 480 ರೂಪಾಯಿ ಆಸುಪಾಸು. ಮೊದಲು ಎಸ್‌ಐಪಿ ನಿಲ್ಲಿಸಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಅದು ಓಡುತ್ತಿದ್ದರೆ ಕೊನೇ ಕಂತುಗಳ ವರ್ಷ ಎಂದಿಗೂ ತುಂಬುವುದಿಲ್ಲ.

ನಿಮ್ಮ ಲಾಭ ಎಷ್ಟು ಅಂತ ಕಂತು ಕಂತಾಗಿ ನೋಡಲು ಸ್ಟೇಟ್‌ಮೆಂಟ್ ಇಟ್ಟುಕೊಂಡು ಕೂರಿ, ಮೊತ್ತದ ಬದಲು ಯೂನಿಟ್ ಸಂಖ್ಯೆ ಕೊಟ್ಟು ಸ್ವಿಚ್ ಮಾಡಿ. 1.25 ಲಕ್ಷದ ಮಿತಿ ಷೇರು ಮತ್ತು ಈಕ್ವಿಟಿ ಫಂಡು ಎಲ್ಲ ಸೇರಿ ಅನ್ನುವುದು ನೆನಪಿರಲಿ. ಮಾರ್ಚ್ 31ರ ತನಕ ಕಾಯಬೇಡಿ, ರಜೆ ಬಂದರೆ ವ್ಯವಹಾರ ಏಪ್ರಿಲ್‌ಗೆ ಜಾರುತ್ತದೆ. ರಿಟರ್ನ್ಸ್‌ನಲ್ಲಿ ಈ ಲಾಭ ತೋರಿಸಲೇಬೇಕು, ತೆರಿಗೆ ಸೊನ್ನೆ ಇದ್ದರೂ.

ಟ್ಯಾಕ್ಸ್ ಉಳಿಸುವ ಇಎಲ್‌ಎಸ್‌ಎಸ್ ಫಂಡಿನ ವಿಷಯ ಬೇರೆ. ಪ್ರತಿ ಕಂತಿಗೂ ಮೂರು ವರ್ಷ ಬೀಗ. ಬೀಗ ಬಿಟ್ಟ ಮೇಲೆ ಅದನ್ನು ಅದೇ ಫಂಡಿನ ಡೈರೆಕ್ಟ್‌ಗೆ ಸ್ವಿಚ್ ಮಾಡಿದರೆ ಮತ್ತೆ ಮೂರು ವರ್ಷ ಬೀಗ ಬೀಳುತ್ತದೆ. ಮಗಳ ಮದುವೆಗೋ ಓದಿಗೋ ಹಣ ಬೇಕಿದ್ದರೆ ಅದನ್ನು ಮಾರಿ, ಸಾಮಾನ್ಯ ಫಂಡಿನ ಡೈರೆಕ್ಟ್ ಪ್ಲಾನ್‌ಗೆ ಹಾಕುವುದೇ ಒಳ್ಳೇದು.

ಇನ್ನು ಏಜೆಂಟರಿಗೆ ಹೇಳುವುದು. ಬೀದರ್, ಯಾದಗಿರಿ, ಕಲಬುರಗಿ ಎಲ್ಲಿ ನೋಡಿದರೂ ಇವರು ನಮ್ಮ ಓಣಿಯವರು, ಎಲ್‌ಐಸಿ ಪಾಲಿಸಿ ಮಾಡಿಸಿದವರು, ಶರಣಬಸವೇಶ್ವರ ಜಾತ್ರೆಯಲ್ಲಿ ಎದುರು ಸಿಗುವವರು. ಅದಕ್ಕೇ ಜನ ಹೇಳದೆ ಸುಮ್ಮನೆ ಬದಲಿಸುತ್ತಾರೆ. ಆದರೆ ಅವರ ಪರದೆಯಲ್ಲಿ ನಿಮ್ಮ ಎಸ್‌ಐಪಿ ರದ್ದಾದದ್ದು ಕಾಣುತ್ತದೆ. ಅವರಾಗಿ ಫೋನ್ ಮಾಡುವ ಮೊದಲು ನೀವೇ ಹೇಳುವುದು ಮರ್ಯಾದೆ. ಅಕ್ಕ ಹೇಳಿದ್ದು ಇಷ್ಟು: “ಸರ್, ಇಷ್ಟ್ ವರ್ಷ ಚೆಂದ ನೋಡ್ಕೊಂಡ್ರಿ. ಇನ್ಮ್ಯಾಲೆ ನಾನೇ ಡೈರೆಕ್ಟ್ ಮಾಡ್ತೀನ್ರಿ. ಎಸ್‌ಐಪಿ ಈ ತಿಂಗಳು ನಿಲ್ಲಿಸ್ತೀನಿ, ಉಳಿದದ್ದು ನಿಧಾನ ತೆಗೀತೀನಿ.” ಕಾರಣ ಕೇಳಿದರೆ ಖರ್ಚು ಅಂತ ಹೇಳಿ ಮುಗಿಸಿ. ಅವರ ಫಂಡ್ ಆಯ್ಕೆ ಸರಿಯಿತ್ತೋ ಇಲ್ಲವೋ ಅನ್ನುವ ವಾದಕ್ಕೆ ಇಳಿಯಬೇಡಿ.

ಎಲ್ಲರೂ ಬಿಡಲೇಬೇಕು ಅಂತ ನಾನು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಬಿದ್ದಾಗ “ಈಗ ಮಾರಬ್ಯಾಡ್ರಿ” ಅಂತ ಹೇಳಿ ಜನರನ್ನು ತಡೆದ ಏಜೆಂಟರು ಇದ್ದಾರೆ. ಆ ಒಂದು ಮಾತು ಹಲವು ವರ್ಷದ ಕಮಿಷನ್ನಿಗಿಂತ ದೊಡ್ಡದು. ಹಾಗೆ ತಡೆಯುವವರು ನಿಮಗೆ ಬೇಕು ಅನ್ನಿಸಿದರೆ ಅವರ ಹತ್ತಿರವೇ ಇರಿ. ವರ್ಷಕ್ಕೊಂದು ಹೊಸ ಫಂಡು ಬಂತು ಅಂತ ಹಳೇದನ್ನು ಮಾರಿಸಿ ಹೊಸದಕ್ಕೆ ಹಾಕಿಸುವವರಾದರೆ ಯೋಚಿಸುವುದೇ ಬೇಡ.

ಬಿಟ್ಟ ಮೇಲೆ ಅವರು ಮಾಡುತ್ತಿದ್ದ ಒಂದು ಕೆಲಸ ನಿಮ್ಮ ಮೇಲೆ ಬರುತ್ತದೆ. ಮನೆಯಲ್ಲಿ ಏನಾದರೂ ಆದರೆ ಹಣ ಬಿಡಿಸಿಕೊಡಲು ಓಡಾಡುವವರು ಅವರೇ ಆಗಿದ್ದರು. ಅದೇ ಫೋಲಿಯೋದಲ್ಲಿ ಸ್ವಿಚ್ ಮಾಡಿದರೆ ನಾಮಿನಿ ಮೊದಲಿದ್ದವರೇ ಇರುತ್ತಾರೆ. ಹೊಸ ಆ್ಯಪಿನಲ್ಲಿ ಹೊಸ ಫೋಲಿಯೋ ತೆರೆದಿದ್ದರೆ ನಾಮಿನಿಯನ್ನು ಮತ್ತೆ ಬರೆಯಬೇಕು. ಸ್ಟೇಟ್‌ಮೆಂಟ್ ತೆರೆದು ಪ್ರತಿ ಫೋಲಿಯೋದ ಕೆಳಗೆ ಆ ಹೆಸರು ಇದೆಯಾ ನೋಡಿ. ಒಂದು ಪ್ರಿಂಟ್ ತೆಗೆದು ಮನೆಯವರ ಕೈಗೆ ಕೊಡಿ, ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕಚೇರಿ ಎಲ್ಲಿದೆ ಅಂತ ಅದರ ಮೇಲೇ ಬರೆದುಕೊಡಿ.