ಪಾರ್ಟಿ ದುಡ್ಡು ಕೊಡಲಿಲ್ಲ, ಕಟ್ಟಿದ ಜಿಎಸ್‌ಟಿ ವಾಪಸ್ ಬರುತ್ತಾ?

ಮಾರ್ಚ್ ಕೊನೆಗೆ ಹಳೇ ಬಾಕಿಗಳ ಪಟ್ಟಿ ತೆಗೆದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಪೀಣ್ಯದ ಒಂದು ಸಣ್ಣ ಫ್ಯಾಬ್ರಿಕೇಷನ್ ಘಟಕದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಬಿಲ್ ಹಾಕಿದ ಮುಂದಿನ ತಿಂಗಳ 20ನೇ ತಾರೀಕಿನೊಳಗೆ GSTR-3B ಸಲ್ಲಿಸಿ ತೆರಿಗೆ ಕಟ್ಟಿಬಿಡಬೇಕು. ಪಾರ್ಟಿ ಕೊಟ್ಟನೋ ಬಿಟ್ಟನೋ, ಅದು ಇಲಾಖೆಗೆ ಸಂಬಂಧವಿಲ್ಲ.

2022ರ ಆಗಸ್ಟ್ 10ಕ್ಕೆ ಬೆಂಗಳೂರಿನ ಒಬ್ಬ ಗ್ರಾಹಕರಿಗೆ ಸ್ಟೀಲ್ ಬ್ರಾಕೆಟ್ ಕಳಿಸಿದ್ದೆವು. ಮಾಲಿನ ಬೆಲೆ 3,50,000, ಶೇ. 18ರಂತೆ ಜಿಎಸ್‌ಟಿ 63,000. ಅಕ್ಟೋಬರ್‌ನಲ್ಲಿ ಅಳತೆ ಸರಿಯಿಲ್ಲ ಅಂತ 50,000 ರೂಪಾಯಿ ಮಾಲು ವಾಪಸ್ ಬಂತು. ಅದಕ್ಕೆ ಕ್ರೆಡಿಟ್ ನೋಟ್ ಕೊಟ್ಟು, ಆ ಪಾಲಿನ 9,000 ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಡಿಮೆ ಮಾಡಿಕೊಂಡೆವು. ಉಳಿದದ್ದು 3,00,000 ಮತ್ತು 54,000 ಜಿಎಸ್‌ಟಿ, ಒಟ್ಟು 3,54,000. ಇದರಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ಕೊನೆಗೆ ವಕೀಲರ ನೋಟಿಸ್ ಕಳಿಸಿದರೆ, ವಿಳಾಸದಾರರು ಜಾಗ ಬಿಟ್ಟಿದ್ದಾರೆ ಅಂತ ಅಂಚೆಯವರು ಬರೆದ ಕವರ್ ಹಾಗೇ ವಾಪಸ್ ಬಂತು. ಹೋಗಿ ನೋಡಿದರೆ ಶೆಡ್‌ನಲ್ಲಿ ಬೇರೆಯವರಿದ್ದರು.

2025ರ ಮಾರ್ಚ್‌ನಲ್ಲಿ ಇದನ್ನು ರೈಟ್ ಆಫ್ ಮಾಡೋಣ, ಅಂದರೆ ಬಾರದ ಬಾಕಿ ಅಂತ ಪುಸ್ತಕದಿಂದ ತೆಗೆಯೋಣ ಅಂತ ತೀರ್ಮಾನವಾಯಿತು. ಆಗ ನಮ್ಮ ಮಾಲೀಕರು ಕೇಳಿದರು: “ಮೇಡಂ, ಅವತ್ತು ಮಾಲು ವಾಪಸ್ ಬಂದಾಗ ಕ್ರೆಡಿಟ್ ನೋಟ್ ಹಾಕಿದ್ರಲ್ಲ, ಇದಕ್ಕೂ ಹಂಗೇ ಹಾಕಿ. 54,000 ಆದ್ರೂ ಉಳೀಲಿ.”

ಕೇಳಿದರೆ ನ್ಯಾಯ ಅನಿಸುತ್ತದೆ, ಅಲ್ವಾ? ಆದರೆ ಹಾಗೆ ಮಾಡುವಂತಿಲ್ಲ. ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡಲು ಕಾರಣ ಬೇಕು. ಬಿಲ್‌ನಲ್ಲಿ ಬೆಲೆಯೋ ತೆರಿಗೆಯೋ ಜಾಸ್ತಿ ಬಿದ್ದಿರಬೇಕು, ಮಾಲು ವಾಪಸ್ ಬಂದಿರಬೇಕು, ಇಲ್ಲವೇ ಕೊಟ್ಟ ಮಾಲು ಅಥವಾ ಸೇವೆಯಲ್ಲಿ ಕೊರತೆ ಇರಬೇಕು. “ಗಿರಾಕಿ ದುಡ್ಡು ಕೊಡಲಿಲ್ಲ” ಅನ್ನುವುದು ಆ ಪಟ್ಟಿಯಲ್ಲಿಲ್ಲ. ಮಾಲು ತಲುಪಿದೆ, ಬೆಲೆ ಸರಿಯಿದೆ ಅಂದಮೇಲೆ ತೆರಿಗೆಯೂ ಸರಿಯಾಗಿಯೇ ಬಿದ್ದಿದೆ ಅನ್ನುವುದು ಕಾನೂನಿನ ಲೆಕ್ಕ. ಬ್ರಿಟನ್‌ನ ವ್ಯಾಟ್‌ನಲ್ಲಿ ವಸೂಲಾಗದ ಬಾಕಿಯ ತೆರಿಗೆ ವಾಪಸ್ ಪಡೆಯುವ ದಾರಿ ಇದೆ. ನಮ್ಮ ಜಿಎಸ್‌ಟಿಯಲ್ಲಿ ಇಲ್ಲ. ಸಣ್ಣ ಘಟಕಗಳಿಗೆ ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಇನ್ನು ಗಡುವಿನ ವಿಷಯ. ಕ್ರೆಡಿಟ್ ನೋಟ್‌ನಿಂದ ತೆರಿಗೆ ಕಡಿಮೆ ಮಾಡಿಕೊಳ್ಳಲು ಬಿಲ್ ಹಾಕಿದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದೇ ಕೊನೆ. ನಮ್ಮ ಬಿಲ್‌ಗೆ 2023ರ ನವೆಂಬರ್ 30 ದಾಟಿ ಎಷ್ಟೋ ಕಾಲವಾಗಿತ್ತು. ಆದ್ದರಿಂದ ಬಾಕಿ ಉಳಿದ ಬಿಲ್ ಕಂಡಾಗ ನಾನು ಮೊದಲು ನೋಡುವುದು, ಇದರಲ್ಲಿ ನಿಜವಾಗಲೂ ರಿಜೆಕ್ಷನ್ ಅಥವಾ ಬೆಲೆಯ ತಕರಾರು ಏನಾದರೂ ಇದೆಯಾ ಅಂತ. ಇದ್ದರೆ ಆ ಭಾಗವನ್ನು ಗಡುವಿನೊಳಗೇ ಬಗೆಹರಿಸಿ ಕ್ರೆಡಿಟ್ ನೋಟ್ ಕೊಡಬೇಕು. ಆಮೇಲೆ ಆ ಬಾಗಿಲು ಮುಚ್ಚುತ್ತದೆ.

ಟ್ಯಾಲಿಯಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಪಾರ್ಟಿ ಬಾಕಿ ತೆಗೆಯಲು ಯಾರಾದರೂ ಕ್ರೆಡಿಟ್ ನೋಟ್ ವೋಚರ್ ಹಾಕಿ ಜಿಎಸ್‌ಟಿ ಲೆಡ್ಜರ್ ಸೇರಿಸಿದರೆ, ಅದು ತಾನಾಗಿ ಮಾರಾಟದ ವಿವರ ಕೊಡುವ GSTR-1ಕ್ಕೆ ಹೋಗುತ್ತದೆ, 3B ತೆರಿಗೆ ಕಡಿಮೆಯಾಗುತ್ತದೆ. ಆ ತಿಂಗಳು ಮಾರಾಟ ವಾಪಸಾತಿ ಏನೂ ಇಲ್ಲದೆ GSTR-1ರ ಕ್ರೆಡಿಟ್ ನೋಟ್ ಜಾಗದಲ್ಲಿ ದೊಡ್ಡ ಮೊತ್ತ ಕಂಡರೆ ಅಲ್ಲೇ ನಿಲ್ಲಿಸಿ ನೋಡಬೇಕು. ಸಿಕ್ಕಿಬಿದ್ದರೆ ಆ ತೆರಿಗೆಯನ್ನು ವರ್ಷಕ್ಕೆ ಶೇ. 18ರ ಬಡ್ಡಿ ಸೇರಿಸಿ ಕಟ್ಟಬೇಕಾಗುತ್ತದೆ. ನಾವು ಹಾಕಿದ್ದು ಬರೀ ಜರ್ನಲ್ ಎಂಟ್ರಿ:

```
Bad Debts A/c         Dr   3,00,000
GST Written Off A/c   Dr     54,000
    To Party A/c                3,54,000
```

Output CGST, Output SGST ಲೆಡ್ಜರ್‌ಗಳನ್ನು ಇಲ್ಲಿ ಮುಟ್ಟಲೇ ಇಲ್ಲ. ಎರಡು ಡೆಬಿಟ್ ಬೇರೆ ಬೇರೆ ಇಟ್ಟಿದ್ದಕ್ಕೆ ಕಾರಣ ಇದೆ. ಜಿಎಸ್‌ಟಿಯಲ್ಲಿ ಸಿಗದ ಪರಿಹಾರ ಸ್ವಲ್ಪ ಮಟ್ಟಿಗೆ ಸಿಗುವುದು ಆದಾಯ ತೆರಿಗೆಯಲ್ಲಿ.

ಆ ವರ್ಷಕ್ಕೆ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 36(1)(vii) ಪ್ರಕಾರ, ಪುಸ್ತಕದಲ್ಲಿ ರೈಟ್ ಆಫ್ ಮಾಡಿದ ಬಾಕಿಯನ್ನು ಲಾಭದಿಂದ ಕಳೆಯಬಹುದು. ಆ ಬಾಕಿ ಹಿಂದೆ ಯಾವುದಾದರೂ ವರ್ಷದ ಆದಾಯದಲ್ಲಿ ಸೇರಿರಬೇಕು ಅನ್ನುವುದು 36(2)ರ ಷರತ್ತು. ಸುಮ್ನೆ ಪ್ರೊವಿಷನ್ ಮಾಡಿದರೆ ಸಾಲದು, ಪಾರ್ಟಿ ಖಾತೆಯಿಂದಲೇ ತೆಗೆಯಬೇಕು. ಸಾಲ ನಿಜವಾಗಲೂ ಕೆಟ್ಟಿದೆ ಅಂತ ಸಾಬೀತು ಮಾಡುವ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಹೇಳಿದೆ. ಆದರೂ ವಾಪಸ್ ಬಂದ ಆ ಅಂಚೆ ಕವರ್ ಮತ್ತು ಮೇಲ್‌ಗಳ ಪ್ರಿಂಟ್ ನಾನು ಫೈಲ್‌ನಲ್ಲಿ ಇಟ್ಟಿದ್ದೇನೆ. ಪ್ರಶ್ನೆ ಬಂದಾಗ ಮಾತು ಬೇಗ ಮುಗಿಯುತ್ತದೆ.

3,00,000 ಮಾರಾಟದಲ್ಲಿ ಸೇರಿತ್ತು, ಹಾಗಾಗಿ ಅದಕ್ಕೆ ತೊಂದರೆಯಿಲ್ಲ. 54,000 ನಮ್ಮ ಮಾರಾಟದಲ್ಲಿ ಯಾವತ್ತೂ ಸೇರಿರಲಿಲ್ಲ, ನೇರ ಜಿಎಸ್‌ಟಿ ಲೆಡ್ಜರ್‌ಗೆ ಹೋಗಿತ್ತು. ಅದನ್ನು ಬ್ಯಾಡ್ ಡೆಟ್ ಅಂದರೆ 36(2) ಅಡ್ಡ ಬರಬಹುದು ಅಂತ ನಮ್ಮ ಆಡಿಟರ್ ಅದನ್ನು ವ್ಯಾಪಾರದ ನಷ್ಟ ಎಂದು ಬೇರೆಯಾಗಿ ತೋರಿಸಿದರು. ಕೈಯಿಂದ ಕಟ್ಟಿದ ದುಡ್ಡು, ವ್ಯಾಪಾರದಲ್ಲೇ ಹೋದದ್ದು, ಇದು ಅವರ ವಾದ. ಅಧಿಕಾರಿ ಇದನ್ನು ಪ್ರಶ್ನೆ ಮಾಡಬಹುದು. ಹಾಗೇನಾದರೂ ಆದರೆ ವಿವಾದ 54,000ಕ್ಕೆ ಮಾತ್ರ ನಿಲ್ಲಲಿ ಅಂತಲೇ ಎರಡು ಸಾಲು.

ನಮ್ಮದು ಪಾಲುದಾರಿಕೆ ಸಂಸ್ಥೆ. ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. ಅಂದರೆ 54,000ಕ್ಕೆ ಆದಾಯ ತೆರಿಗೆಯಲ್ಲಿ 16,848 ಉಳಿಯುತ್ತದೆ, ಉಳಿದ 37,152 ಹೋದಂತೆಯೇ. ಆ 16,848 ಕೂಡ ಅದೇ ವರ್ಷ ಸಿಗಬೇಕಾದರೆ ಆ ವರ್ಷ ಲಾಭ ಇರಬೇಕು. ಈ ಲೆಕ್ಕ ಬರೆದು ತೋರಿಸಿದ ಮೇಲೆ ಮಾಲೀಕರು ಕ್ರೆಡಿಟ್ ನೋಟ್ ಮಾತು ಬಿಟ್ಟರು.

ಕಬ್ಬಿಣ ಕೊಂಡಾಗ ಕೊಟ್ಟ ಜಿಎಸ್‌ಟಿಗೆ ಪಡೆದ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕಾ ಅಂತ ನಮ್ಮ ಹುಡುಗ ಕೇಳಿದ. ಬೇಕಾಗಿಲ್ಲ. ಜಿಎಸ್‌ಟಿ ಕಾಯ್ದೆಯ 17(5)(h) ಹೇಳುವುದು ಕಳೆದುಹೋದ, ಹಾಳಾದ, ರೈಟ್ ಆಫ್ ಮಾಡಿದ ಮಾಲಿನ ಬಗ್ಗೆ. ನಾವು ರೈಟ್ ಆಫ್ ಮಾಡಿದ್ದು ಬಾಕಿಯನ್ನು, ಮಾಲು ಮಾರಾಟವಾಗಿ ಹೋಗಿದೆ.

ಆ ಕಡೆ, ಬಿಲ್ ತಾರೀಕಿನಿಂದ 180 ದಿನದೊಳಗೆ ದುಡ್ಡು ಕೊಡದ ಖರೀದಿದಾರರು ತಾವು ಪಡೆದ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ನಮ್ಮ ಬಿಲ್‌ಗೆ ಅದು 2023ರ ಫೆಬ್ರುವರಿ 6. ಅವರು ಕಟ್ಟಿದರೂ ಆ ದುಡ್ಡು ನಮಗೆ ಬರುವುದಿಲ್ಲ. ಆದರೆ ವ್ಯಾಪಾರ ನಡೆಸುತ್ತಿರುವ ಗ್ರಾಹಕರಿಗೆ ಈ ನಿಯಮ ತಟ್ಟುತ್ತದೆ. ಅದಕ್ಕೇ ಈಗ 150 ದಿನ ದಾಟಿದ ಪ್ರತಿ ಬಾಕಿಗೂ ಬಿಲ್ ನಂಬರ್, 180ನೇ ದಿನದ ತಾರೀಕು, ವಾಪಸ್ ಕಟ್ಟಬೇಕಾದ ಕ್ರೆಡಿಟ್ ಮೊತ್ತ ಬರೆದು ಅವರ ಅಕೌಂಟ್ಸ್ ವಿಭಾಗಕ್ಕೇ ಮೇಲ್ ಹಾಕುತ್ತೇನೆ. ಪರ್ಚೇಸ್‌ನವರಿಗೆ ಹಾಕಿದ ಮೇಲ್‌ಗಿಂತ ಇದಕ್ಕೆ ಉತ್ತರ ಬೇಗ ಬರುತ್ತದೆ.

ಹೊಸ ಗ್ರಾಹಕರಿಂದ ಮಾಲು ಹೊರಡುವ ಮೊದಲು ಕನಿಷ್ಠ ಜಿಎಸ್‌ಟಿಯಷ್ಟು ಅಡ್ವಾನ್ಸ್ ಪಡೆಯುವುದನ್ನೂ ಶುರು ಮಾಡಿದ್ದೇವೆ. ಮಾಲಿಗೆ ಪಡೆದ ಅಡ್ವಾನ್ಸ್ ಮೇಲೆ ಪಡೆದ ತಿಂಗಳೇ ಜಿಎಸ್‌ಟಿ ಕಟ್ಟಬೇಕಾಗಿಲ್ಲ, ಬಿಲ್ ಹಾಕಿದಾಗ ಕಟ್ಟಿದರೆ ಸಾಕು. ಸೇವೆಗೆ ಪಡೆದ ಅಡ್ವಾನ್ಸ್‌ಗೆ ಈ ರಿಯಾಯಿತಿ ಇಲ್ಲ. ಇನ್ನು ಆ ಹಳೇ ಪಾರ್ಟಿ ಎಂದಾದರೂ ದುಡ್ಡು ತಂದುಕೊಟ್ಟರೆ ಮತ್ತೆ ಜಿಎಸ್‌ಟಿ ಕಟ್ಟುವ ಹಾಗಿಲ್ಲ, ಆಗಲೇ ಕಟ್ಟಿದ್ದೇವೆ. ಆದರೆ ಬಂದ ವರ್ಷ ಅದನ್ನು ಆದಾಯ ಅಂತ ತೋರಿಸಬೇಕು. ಅದಕ್ಕಾಗಿ ಅವರ ಲೆಡ್ಜರ್ ಅಳಿಸದೆ ಸೊನ್ನೆ ಬಾಕಿಯಲ್ಲಿ ಹಾಗೇ ಇಟ್ಟಿದ್ದೇನೆ.