ಬರ್ಗೆನ್‌ನಲ್ಲಿ ನೇರಳೆ ಗೆರೆ ದಾಟಿದ ದಿನ

ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಭೂಗೋಳ ಕಲಿಸಿದವಳು ನಾನು. ಪ್ರತಿ ವರ್ಷವೂ ಕಪ್ಪು ಹಲಗೆಯ ಮೇಲೆ ಒಂದು ಕೆಂಪು ಗೆರೆ ಎಳೆದು ಅದಕ್ಕೆ ಅರ್ಧಚಂದ್ರಗಳನ್ನು ಅಂಟಿಸುತ್ತಿದ್ದೆ, ಅದು ಉಷ್ಣ ಫ್ರಂಟ್, ಬೆಚ್ಚನೆಯ ಗಾಳಿರಾಶಿ ಮುಂದೊತ್ತಿ ಬರುವ ಗಡಿ. ನೀಲಿ ಗೆರೆಗೆ ತ್ರಿಕೋನದ ಹಲ್ಲುಗಳನ್ನು ಬಿಡಿಸುತ್ತಿದ್ದೆ, ಅದು ಶೀತ ಫ್ರಂಟ್, ತಣ್ಣನೆಯ ಗಾಳಿರಾಶಿ ಮುಂದೊತ್ತಿ ಬರುವ ಗಡಿ. ಕೊನೆಗೆ ಎರಡೂ ಸೇರಿದ ಕಡೆ ಚಂದ್ರ ಮತ್ತು ಹಲ್ಲು ಒಂದಾದ ಮೇಲೊಂದು ಬರುವ ನೇರಳೆ ಗೆರೆ. ವೇಗವಾಗಿ ಬರುವ ಶೀತ ಫ್ರಂಟ್ ಮುಂದಿರುವ ಉಷ್ಣ ಫ್ರಂಟನ್ನು ಹಿಡಿದುಬಿಡುತ್ತದೆ, ನಡುವಿದ್ದ ಬೆಚ್ಚನೆಯ ಗಾಳಿ ನೆಲ ಬಿಟ್ಟು ಮೇಲೇರುತ್ತದೆ, ಇದೇ ಅಕ್ಲೂಡೆಡ್ ಫ್ರಂಟ್ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ತೀರ್ಥಹಳ್ಳಿಯ ಆಕಾಶದಲ್ಲಿ ಅದನ್ನು ತೋರಿಸಲು ಸಾಧ್ಯವಿರಲಿಲ್ಲ. ನಮ್ಮ ಮುಂಗಾರಿನಲ್ಲಿ ಫ್ರಂಟ್‌ಗಳಿಲ್ಲ. ತಣ್ಣನೆಯ ಮತ್ತು ಬೆಚ್ಚನೆಯ ಗಾಳಿರಾಶಿಗಳು ಎದುರುಬದುರಾಗುವಷ್ಟು ಉಷ್ಣತೆಯ ಅಂತರವೇ ನಮ್ಮ ಕಡೆ ಇರುವುದಿಲ್ಲ.

ಅಕ್ಕನ ಮಗಳು ನಾರ್ವೆಯ ಬರ್ಗೆನ್‌ನಲ್ಲಿ ಹವಾಮಾನ ಶಾಸ್ತ್ರ ಓದುತ್ತಿದ್ದಾಳೆ. "ಚಿಕ್ಕಮ್ಮ, ನಿಮ್ಮ ನೇರಳೆ ಗೆರೆ ಹುಟ್ಟಿದ್ದೇ ಈ ಊರಿನಲ್ಲಿ, ನವೆಂಬರಿನಲ್ಲಿ ಬನ್ನಿ" ಎಂದು ಕರೆದಳು. ಆ ತಿಂಗಳಲ್ಲಿ ಅಲ್ಲಿಗೆ ಹೋಗುವ ಪ್ರವಾಸಿಗರು ಕಡಿಮೆ. 2006ರ ಅಕ್ಟೋಬರ್ ಕೊನೆಯಲ್ಲಿ ಶುರುವಾದ ಮಳೆ 2007ರ ಜನವರಿಯವರೆಗೆ ಸತತ 85 ದಿನ ಬಿದ್ದ ಊರು ಅದು. ನಾನು ಹೊರಟಿದ್ದೇ ಮಳೆ ನೋಡಲು.

ಶುಕ್ರವಾರ ರಾತ್ರಿ ತಲುಪಿದೆ. ಶನಿವಾರ ಬೆಳಗಿನ ಜಾವದಿಂದ ಒಂದೇ ಸಮನೆ ಮಳೆ. ಹನ್ನೊಂದರ ಹೊತ್ತಿಗೆ ಅದು ನಿಂತು, ಗಾಳಿ ತೇವವಾಗಿ, ಬೆಚ್ಚಗೆ ಬೀಸತೊಡಗಿತು. ಉಷ್ಣತೆ ಐದರಿಂದ ಹನ್ನೊಂದು ಡಿಗ್ರಿಗೆ ಏರಿತ್ತು. ಬ್ರಿಗ್ಗೆನ್‌ನ ಹಳೆಯ ಮರದ ಮನೆಗಳ ಮುಂದೆ ನಿಂತರೆ ಬಂದರಿನ ಆಚೆಯ ಬೆಟ್ಟಗಳು ಸೊಂಟದವರೆಗೆ ಮೋಡದಲ್ಲಿ ಮುಳುಗಿದ್ದವು, ಜಿನುಗು ಮಳೆ ಕನ್ನಡಕದ ಮೇಲೆ ಮಂಜಿನಂತೆ ಕೂರುತ್ತಿತ್ತು. "ನಾವೀಗ ಎರಡು ಗೆರೆಗಳ ನಡುವೆ ನಿಂತಿದ್ದೇವೆ" ಎಂದಳು ಹುಡುಗಿ. ಉಷ್ಣ ಫ್ರಂಟ್ ದಾಟಿ ಹೋಗಿತ್ತು, ಶೀತ ಫ್ರಂಟ್ ಇನ್ನೂ ಬಂದಿರಲಿಲ್ಲ, ನೈಋತ್ಯ ದಿಕ್ಕಿನಿಂದ, ಅಟ್ಲಾಂಟಿಕ್ ಮೇಲಿಂದ ಬಂದ ಬೆಚ್ಚನೆಯ ಗಾಳಿ ನೆಲವನ್ನು ಮುಟ್ಟಿಕೊಂಡೇ ಹರಿಯುತ್ತಿತ್ತು. ಸಂಜೆ ಐದಕ್ಕೆ ಇಪ್ಪತ್ತು ನಿಮಿಷ ಜೋರು ಮಳೆ ಹೊಡೆದು ಗಾಳಿ ವಾಯವ್ಯಕ್ಕೆ ತಿರುಗಿತು, ಉಷ್ಣತೆ ಆರಕ್ಕೆ ಇಳಿಯಿತು. ಪುಸ್ತಕದಲ್ಲಿ ಇದ್ದಂತೆಯೇ ಎಲ್ಲವೂ ನಡೆಯಿತು. ಆ ಆರು ಗಂಟೆಗಳ ಬೆಚ್ಚನೆಯ ಅವಧಿಯನ್ನು ನೆನಪಿಟ್ಟುಕೊಳ್ಳಿ ಎಂದು ಅವಳು ಹೇಳಿದ್ದು ಬುಧವಾರ ಅರ್ಥವಾಯಿತು.

ಸೋಮವಾರ ಅಲೇಗಾತನ್ ಎಂಬ ಏರು ಬೀದಿಯಲ್ಲಿ ನಡೆದೆವು. ಅದರ ತುದಿಯ ದಿಬ್ಬದ ಮೇಲೆ ಗೋಪುರವಿರುವ ಭೂಭೌತ ಸಂಸ್ಥೆಯ ಕಟ್ಟಡ. ಅದು 1928ರದು. ನಾನು ನೋಡಬೇಕೆಂದಿದ್ದುದು ಅದಕ್ಕೂ ಹಿಂದಿನ ಕಾಲದ ಜಾಗ, ಅದೇ ಬೀದಿಯಲ್ಲಿ ಹವಾಮಾನ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಇದ್ದ ಮನೆ. 1917ರಲ್ಲಿ ಯುದ್ಧದ ನಡುವೆ ಜರ್ಮನಿಯ ಲೈಪ್‌ಜಿಗ್ ಬಿಟ್ಟು ಅವರು ಇಲ್ಲಿಗೆ ಬಂದರು. 1918ರ ಬೇಸಿಗೆಯಲ್ಲಿ, ಆಹಾರದ ಅಭಾವದಲ್ಲಿದ್ದ ನಾರ್ವೆಯ ರೈತರಿಗಾಗಿ, ಈ ಊರಿನಲ್ಲಿ ಮುನ್ಸೂಚನೆಯ ಕೆಲಸ ಶುರುವಾಯಿತು. ಯುದ್ಧದಿಂದಾಗಿ ಬ್ರಿಟನ್ನಿನ ಹವಾಮಾನ ತಂತಿಗಳು ಬರುತ್ತಿರಲಿಲ್ಲ. ಸಮುದ್ರದ ಕಡೆಯಿಂದ ಏನು ಬರುತ್ತಿದೆಯೆಂದು ತಿಳಿಯಲು ಉಳಿದ ದಾರಿ ಒಂದೇ ಆಗಿತ್ತು, ಕರಾವಳಿಯುದ್ದಕ್ಕೂ ನೋಡುವ ಕಣ್ಣುಗಳನ್ನು ಹೆಚ್ಚಿಸುವುದು. ದೀಪಸ್ತಂಭದವರು, ಮೀನುಗಾರರು ಮೋಡ, ಗಾಳಿ, ಒತ್ತಡಗಳನ್ನು ಕಳಿಸತೊಡಗಿದರು. ನಕ್ಷೆಯ ಮೇಲಿನ ಚುಕ್ಕೆಗಳು ಹತ್ತಿರವಾದಾಗ, ಮಳೆ ಸುರಿಯುವುದು ಕಿರಿದಾದ ಗೆರೆಗಳ ಉದ್ದಕ್ಕೆ ಎಂಬುದು ಕಾಣಿಸಿತು. ಎರಡು ಸೇನೆಗಳು ಎದುರಾಗುವ ರಣರೇಖೆಯ ಹೆಸರನ್ನೇ ಆ ಗೆರೆಗಳಿಗೆ ಇಟ್ಟರು, ಫ್ರಂಟ್.

ವಿಲ್ಹೆಲ್ಮರ ಮಗ ಯಾಕೋಬ್ ಬ್ಯರ್ಕ್‌ನೆಸ್ 1919ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಎರಡು ಗೆರೆಗಳು ಮಾತ್ರ ಇದ್ದವು. ಆದರೆ ನಕ್ಷೆಗೆ ಬರುತ್ತಿದ್ದ ಎಷ್ಟೋ ವಾಯುಭಾರ ಕುಸಿತಗಳು ಅದಕ್ಕೆ ಹೊಂದುತ್ತಿರಲಿಲ್ಲ. ಮಳೆಯಿದೆ, ಗಾಳಿ ತಿರುಗುತ್ತದೆ, ನಡುವೆ ಇರಬೇಕಾದ ಬೆಚ್ಚನೆಯ ಗಾಳಿ ಮಾತ್ರ ಯಾವ ಠಾಣೆಯಲ್ಲೂ ದಾಖಲಾಗಿಲ್ಲ. ಆ ವರ್ಷದ ನವೆಂಬರಿನಲ್ಲಿ ಟೋರ್ ಬರ್ಜೆರಾನ್ ಎಂಬ ತರುಣ ಸ್ವೀಡಿಷ್ ವಿಜ್ಞಾನಿ ಈ ಒಗಟನ್ನು ಬಿಡಿಸಿದ. ಬೆಚ್ಚನೆಯ ಗಾಳಿ ಕಾಣೆಯಾಗಿರಲಿಲ್ಲ, ತಲೆಯ ಮೇಲಿತ್ತು. ಎರಡು ಗೆರೆಗಳು ಇಂಥ ಕುಸಿತದ ಸುತ್ತ ತಿರುಗುವ ಚಂಡಮಾರುತದ ಎಳೆಯ ವಯಸ್ಸಿನ ಚಿತ್ರ, ಒಂದಾದ ಗೆರೆ ಅದರ ಮುಪ್ಪಿನ ಚಿತ್ರ. ಹಾಗೆ ಚಂಡಮಾರುತಕ್ಕೆ ಒಂದು ಜೀವನಕಥೆ ಸಿಕ್ಕಿತು. ನನಗೆ ಅತ್ಯಂತ ಪ್ರಿಯವಾದ ವಿಷಯ ಇನ್ನೊಂದಿದೆ. ನಾನು ಅಷ್ಟು ವರ್ಷ ಬಿಡಿಸಿದ ಅರ್ಧಚಂದ್ರ ಮತ್ತು ಹಲ್ಲುಗಳ ಗುರುತನ್ನು ಬರ್ಜೆರಾನ್ 1924ರಲ್ಲಿ ಲೈಪ್‌ಜಿಗ್‌ನಿಂದ ಯಾಕೋಬರಿಗೆ ಬರೆದ ಒಂದು ಅಂಚೆ ಕಾರ್ಡಿನಲ್ಲಿ ಸೂಚಿಸಿದ್ದ.

ಮಂಗಳವಾರ ಸಂಜೆ ಆಕಾಶ ತಿಳಿಯಾಗಿತ್ತು. ಎರಡು ಡಿಗ್ರಿ ಚಳಿ. ಒಳನಾಡಿನ ಕಣಿವೆಗಳಿಂದ ಆಗ್ನೇಯದ ಗಾಳಿ ಹರಿದು ಬರುತ್ತಿತ್ತು. ಏಳು ಗಂಟೆಗೆ ಚಂದ್ರನ ಸುತ್ತ ದೊಡ್ಡ ಉಂಗುರ ಕಟ್ಟಿತು. ಹುಡುಗಿ ಫೋನಿನಲ್ಲಿ ನಕ್ಷೆ ತೆರೆದಳು. ಐಸ್‌ಲ್ಯಾಂಡಿನ ದಕ್ಷಿಣಕ್ಕೆ 965 ಹೆಕ್ಟೊಪಾಸ್ಕಲ್‌ನ ಕುಸಿತ, ಅದರ ಕೇಂದ್ರದಿಂದ ಹೊರಟು ಕುಡುಗೋಲಿನಂತೆ ಬಾಗಿದ ನೇರಳೆ ಗೆರೆ. ದಕ್ಷಿಣದಲ್ಲಿ ಒಂದು ಬಿಂದುವಿನಲ್ಲಿ ಅದು ಕೆಂಪು ಮತ್ತು ನೀಲಿ ಗೆರೆಗಳಾಗಿ ಕವಲೊಡೆದಿತ್ತು. ಆ ಕವಲು ನಮಗಿಂತ ಬಹಳ ಕೆಳಗೆ, ಡೆನ್ಮಾರ್ಕಿನ ಕಡೆ ಹಾದು ಹೋಗುವ ಅಂದಾಜು. ನಮ್ಮ ಮೇಲೆ ಬರುವುದು ನೇರಳೆ ಭಾಗವೇ.

ಉಂಗುರ ಮೂಡಿಸಿದ ಹಿಮಹರಳಿನ ಮೋಡ ಆರು ಕಿಲೋಮೀಟರ್ ಎತ್ತರದಲ್ಲಿತ್ತು ಎಂದುಕೊಳ್ಳೋಣ. ತಣ್ಣನೆಯ ಗಾಳಿಯ ಬೆಣೆಯ ಮೇಲೆ ಬೆಚ್ಚನೆಯ ಗಾಳಿ ಹತ್ತುವ ಇಳಿಜಾರು ಬಹಳ ಮಂದ, ನೂರೈವತ್ತು ಕಿಲೋಮೀಟರಿಗೆ ಸುಮಾರು ಒಂದು ಕಿಲೋಮೀಟರ್ ಏರು. ಆದ್ದರಿಂದ ಗೆರೆಯ ಬುಡ ಇನ್ನೂ ಒಂಬೈನೂರು ಕಿಲೋಮೀಟರ್ ಆಚೆ ಇದೆ. ಗಂಟೆಗೆ ಐವತ್ತರಂತೆ ಬಂದರೆ ಹದಿನೆಂಟು ಗಂಟೆ. ಬುಧವಾರ ಮಧ್ಯಾಹ್ನ ಒಂದು ಗಂಟೆ ಎಂದು ದಿನಚರಿಯಲ್ಲಿ ಬರೆದಿಟ್ಟು ಮಲಗಿದೆ.

ಮಳೆ ಶುರುವಾದದ್ದು ಮೂರು ಗಂಟೆ ರಾತ್ರಿಯಲ್ಲಿ. ಅವಳ ಮೇಜಿನ ಮೇಲಿನ ವಾಯುಭಾರಮಾಪಕ ರಾತ್ರಿ ಹತ್ತಕ್ಕೆ 1002 ತೋರಿಸಿತ್ತು, ಬೆಳಗ್ಗೆ ಏಳಕ್ಕೆ 990ಕ್ಕೆ ಇಳಿದಿತ್ತು. ಒಂಬತ್ತೂವರೆಗೆ ಹಳಿಬಂಡಿ ಹತ್ತಿ ಫ್ಲೊಯೆನ್ ಬೆಟ್ಟದ 320 ಮೀಟರ್ ಎತ್ತರದ ನಿಲ್ದಾಣಕ್ಕೆ ಹೋದೆವು. ಕೆಳಗೆ ಮಳೆ, ಮೇಲೆ ಅದೇ ಮಳೆ ಹಿಮ ಬೆರೆತು ಬೀಳುತ್ತಿತ್ತು. ಹತ್ತರಿಂದ ಹನ್ನೊಂದರ ನಡುವೆ ಅದು ಎಷ್ಟು ಜೋರಾಯಿತೆಂದರೆ ಎದುರಿನ ಪೈನ್ ಮರಗಳೂ ಮರೆಯಾದವು. ಇದೇ ಗೆರೆ ಎಂದುಕೊಂಡು ನಾನು ಉಷ್ಣಮಾಪಕ ನೋಡಿದೆ. ಏನೂ ಬದಲಾಗಿರಲಿಲ್ಲ. ಗಾಳಿಯೂ ಆಗ್ನೇಯದಿಂದಲೇ ಬೀಸುತ್ತಿತ್ತು, ಒತ್ತಡ ಇಳಿಯುತ್ತಲೇ ಇತ್ತು.

ಮಳೆ ತೆಳುವಾದ ಮೇಲೆ ಕೆಳಗಿಳಿದು ಬಂದರಿನ ಬಳಿ ಕಾದೆವು. ಒಂದಕ್ಕೆ ಹತ್ತು ನಿಮಿಷ ಇರುವಾಗ ದೋಣಿಗಳ ಬಾವುಟಗಳು ಒಮ್ಮೆ ಜೋತುಬಿದ್ದು, ಮತ್ತೆ ಎದ್ದಾಗ ಬೇರೆ ದಿಕ್ಕಿಗೆ ಹಾರಿದವು. ಗಾಳಿ ಪಶ್ಚಿಮ ನೈಋತ್ಯಕ್ಕೆ ತಿರುಗಿತ್ತು. ಒತ್ತಡ 984ರಲ್ಲಿ ನಿಂತಿತು. ಉಷ್ಣತೆ ಮೂರರಿಂದ ಆರಕ್ಕೆ ಏರಿತು. ಏರಿತು ಎಂಬುದನ್ನು ನಾನು ಎರಡು ಸಲ ನೋಡಿ ಖಚಿತಪಡಿಸಿಕೊಂಡೆ. ಶೀತ ಫ್ರಂಟ್ ಹಿಡಿದುಬಿಡುತ್ತದೆ ಎಂದು ಕಲಿಸಿದವಳಿಗೆ, ಗೆರೆ ದಾಟಿದ ಮೇಲೆ ಚಳಿ ಹೆಚ್ಚಬೇಕೆಂಬ ನಿರೀಕ್ಷೆ ಸಹಜವಾಗಿಯೇ ಇತ್ತು.

ಮೀನು ಮಾರುಕಟ್ಟೆಯ ಚಾವಣಿಯ ಕೆಳಗೆ ನಿಂತು ಅವಳು ಅಂಗೈಗಳಿಂದ ತೋರಿಸಿದಳು. ಇಲ್ಲಿ ಮೂರು ಗಾಳಿಗಳಿವೆ. ಮುಂದಿದ್ದುದು ನಾರ್ವೆಯ ನೆಲದ ಮೇಲೆ ತಣಿದ ಎರಡು ಮೂರು ಡಿಗ್ರಿಯದು. ನಡುವಿನದು ಶನಿವಾರ ಕಂಡಂಥ ಹನ್ನೊಂದರದು. ಹಿಂದಿನದು ಕಡಲ ಮೇಲೆ ಸಾವಿರಾರು ಕಿಲೋಮೀಟರ್ ಬಂದು ಆರು ಡಿಗ್ರಿಗೆ ಬೆಚ್ಚಗಾದದ್ದು. ಹಿಂದಿನದು ಮುಂದಿನದನ್ನು ಮುಟ್ಟಿದಾಗ ನಡುವಿನದು ಮೇಲೇರುವುದು ಖಂಡಿತ. ಆದರೆ ಉಳಿದೆರಡರಲ್ಲಿ ಭಾರವಾದದ್ದು ಮುಂದಿನದೇ. ಅದರಡಿಗೆ ನುಗ್ಗಲಾರದ ಹಿಂದಿನ ಗಾಳಿ ಅದರ ಬೆಣೆಯ ಮೇಲೆ ಹತ್ತುತ್ತದೆ. ಹಾಗಾಗಿ ಶೀತ ಫ್ರಂಟ್ ನೆಲ ಬಿಟ್ಟು ಎತ್ತರದಲ್ಲಿ, ನೆಲದ ಗೆರೆಗಿಂತ ನೂರಾರು ಕಿಲೋಮೀಟರ್ ಮುಂದೆ ಸಾಗುತ್ತದೆ. ಹತ್ತು ಗಂಟೆಯ ಜೋರು ಮಳೆ ಅದರದು. ಎರಡು ಫ್ರಂಟ್‌ಗಳು ಹೀಗೆ ಒಂದಾಗುವುದೇ ಅಕ್ಲೂಷನ್, ಇದು ಅದರ ಉಷ್ಣ ಬಗೆ. ಹಿಂದಿನ ಗಾಳಿಯೇ ಹೆಚ್ಚು ತಣ್ಣಗಿದ್ದರೆ ಅದು ಅಡಿಗೆ ನುಗ್ಗುತ್ತದೆ, ಆಗ ಗೆರೆ ದಾಟಿದ ಮೇಲೆ ಚಳಿ. ಅದು ಶೀತ ಬಗೆ. ನಾನು ಹಲಗೆಯ ಮೇಲೆ ಬಿಡಿಸುತ್ತಿದ್ದುದು ಇದೊಂದನ್ನೇ.

"ಹಾಗಾದರೆ ಮನೆಯಲ್ಲಿ ಕುಳಿತವರಿಗೆ ಇದು ಅಕ್ಲೂಷನ್ ಎಂದು ಗೊತ್ತಾಗುವುದು ಹೇಗೆ?" ಎಂದೆ. "ಶನಿವಾರ ಇದ್ದದ್ದು ಇಂದು ಇಲ್ಲದ್ದರಿಂದ" ಎಂದಳು. ಜಡಿಮಳೆಗೂ ಗಾಳಿ ತಿರುಗುವುದಕ್ಕೂ ನಡುವೆ ಆ ತೇವದ, ಜಿನುಗಿನ, ಬೆಚ್ಚನೆಯ ಗಂಟೆಗಳು ಬರಲೇ ಇಲ್ಲ. ಉಷ್ಣತೆ ಮೂರು ಡಿಗ್ರಿ ಮಾತ್ರ ಏರಿತು, ಆ ಹನ್ನೊಂದನ್ನು ಮುಟ್ಟಲಿಲ್ಲ. ಉಷ್ಣಮಾಪಕವೊಂದನ್ನೇ ನಂಬಿದವರು ಇದನ್ನು ದುರ್ಬಲವಾದ ಉಷ್ಣ ಫ್ರಂಟ್ ಎಂದು ಬರೆದುಬಿಡುತ್ತಾರೆ. ನಂತರದ ಆಕಾಶವನ್ನೂ ನೋಡಬೇಕು. ಎರಡೂವರೆಗೆ ಮೋಡ ಹರಿದು, ಗೋಪುರದಂತೆ ಎದ್ದ ಬಿಡಿ ಮೋಡಗಳು ಸಮುದ್ರದಿಂದ ಬಂದವು, ಹತ್ತು ನಿಮಿಷ ಆಲಿಕಲ್ಲು, ಮತ್ತೆ ಬಿಸಿಲು. ಅದು ಬೆಚ್ಚನೆಯ ಕಡಲ ಮೇಲೆ ಹಾದುಬಂದ ತಣ್ಣನೆಯ ಗಾಳಿಯ ಸಹಿ.

ಅವಳು ಇನ್ನೊಂದು ತಿದ್ದುಪಡಿಯನ್ನೂ ಹೇಳಿದಳು. ಹಿಡಿದುಬಿಡುವುದು ಎಂಬ ಮಾತು ಕಥೆಯ ಒಂದು ಭಾಗ ಮಾತ್ರವಂತೆ. ನಮ್ಮ ಮಲೆನಾಡಿನ ಗಂಜಿಗೆ ಜೋನಿಬೆಲ್ಲ ಬಿಟ್ಟು ಚಮಚದಿಂದ ಒಂದೆರಡು ಸುತ್ತು ತಿರುಗಿಸಿದರೆ ಬೆಲ್ಲ ಎಳೆಯಾಗಿ, ಇನ್ನೂ ತೆಳುವಾಗಿ ಸುರುಳಿ ಸುತ್ತಿಕೊಳ್ಳುತ್ತದಲ್ಲ, ಚಂಡಮಾರುತದ ತಿರುಗಾಟವೂ ಬೆಚ್ಚನೆಯ ಗಾಳಿಯ ನಾಲಿಗೆಯನ್ನು ಹಾಗೆಯೇ ಎಳೆದು ಸುತ್ತುತ್ತದೆ. ಆ ಕುಡುಗೋಲಿನ ಆಕಾರ ಅದರಿಂದ ಬಂದದ್ದು. ಗೆರೆಗಳು ಸೇರಿದ ಕೂಡಲೇ ಚಂಡಮಾರುತ ಸಾಯುತ್ತದೆ ಎಂದು ನಾನು ಹೇಳುತ್ತಿದ್ದುದೂ ಪೂರ್ತಿ ಸರಿಯಲ್ಲ. ಸೇರಿದ ಮೇಲೂ ಅರ್ಧ ದಿನ, ಒಂದು ದಿನ ಕೇಂದ್ರದ ಒತ್ತಡ ಇಳಿಯುತ್ತಾ ಹೋಗುವುದು ಸಾಮಾನ್ಯ.

ಗುರುವಾರದ ನಕ್ಷೆಯಲ್ಲಿ ಕುಸಿತ 958ಕ್ಕೆ ಇಳಿದು ಐಸ್‌ಲ್ಯಾಂಡಿನ ಪೂರ್ವಕ್ಕೆ ಬಹುತೇಕ ನಿಂತುಬಿಟ್ಟಿತ್ತು. ನೇರಳೆ ಗೆರೆ ಸ್ವೀಡನ್ ದಾಟಿತ್ತು. ಶುಕ್ರವಾರ ಬೆಳಗ್ಗೆ ವಿಮಾನ ನಿಲ್ದಾಣದ ಟ್ರಾಮಿನಲ್ಲಿ ಕುಳಿತು ಮತ್ತೆ ನಕ್ಷೆ ತೆರೆದಾಗ ಕೇಂದ್ರ ಅಲ್ಲೇ ಇತ್ತು, 970ಕ್ಕೆ ತುಂಬಿಕೊಂಡಿತ್ತು. ಗೆರೆಯನ್ನು ಮುನ್ಸೂಚಕರು ಅಳಿಸಿಬಿಟ್ಟಿದ್ದರು. ಕಿಟಕಿಯಾಚೆ ಒಂದು ಆಲಿಕಲ್ಲಿನ ಮೋಡ ಕಡಲಿನಿಂದ ಊರಿನೊಳಗೆ ಬರುತ್ತಿತ್ತು.