ಪೆಟ್ಟಾಗದ ಕಣ್ಣಿನ ತೂತು

"ಈ ಕಣ್ಣಿಗೂ ಪೆಟ್ಟು ಬಿದ್ದಿತ್ತೇ?" ಹಿರಿಯ ಶಸ್ತ್ರವೈದ್ಯರ ಈ ಪ್ರಶ್ನೆ ವಾರವಿಡೀ ನನ್ನ ಕಿವಿಯಲ್ಲೇ ಇದೆ. ಬೈಕಿನಿಂದ ಬಿದ್ದವನಿಗೆ ಮುರಿದದ್ದು ಎಡಗಣ್ಣಿನ ಗೂಡಿನ ತಳ. ಅವನ ಸಿ.ಟಿ. ಚಿತ್ರಗಳಿಂದ ಹೊರಗೆ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ ತಂದ ತಲೆಬುರುಡೆಯ ಮಾದರಿಯಲ್ಲಿ ಬಲಗಣ್ಣಿನ ತಳದಲ್ಲೂ ತೂತಿತ್ತು, ಅದೂ ಎಡದ್ದಕ್ಕಿಂತ ದೊಡ್ಡದು. ಬಲಬದಿಯನ್ನು ಕನ್ನಡಿಯಂತೆ ತಿರುಗಿಸಿ, ಅದರ ಮೇಲೆ ಎಡಗಣ್ಣಿಗೆ ಬೇಕಾದ ಟೈಟಾನಿಯಂ ಜಾಲರಿ ಬಗ್ಗಿಸುವುದು ಅವರ ಯೋಜನೆಯಾಗಿತ್ತು.

ಸಿ.ಟಿ. ಪದರಗಳನ್ನು ತೆರೆದರೆ ಕಾರಣ ಕಾಣುತ್ತದೆ. ಮೂಳೆಗೆಂದು ಸಾಮಾನ್ಯವಾಗಿ ಇಡುವ ಥ್ರೆಶೋಲ್ಡ್, ಸಿ.ಟಿ.ಯ ಸಾಂದ್ರತೆಯ ಅಳತೆಯಾದ ಹೌನ್ಸ್‌ಫೀಲ್ಡ್‌ನಲ್ಲಿ, 226. ಅದಕ್ಕಿಂತ ಮೇಲಿನದೆಲ್ಲ ಮೂಳೆ, ಉಳಿದದ್ದು ಕಸ. ಆದರೆ ಗೂಡಿನ ತಳ ಕಾಗದದಷ್ಟು ತೆಳು. ವಾಕ್ಸೆಲ್ ಎಂದರೆ ಸಿ.ಟಿ. ಚಿತ್ರದ ಒಂದು ಪುಟ್ಟ ಘನ ಚುಕ್ಕೆ, ಅದಕ್ಕೆ ಸಿಗುವುದು ಒಂದೇ ಸರಾಸರಿ ಬೆಲೆ. ಒಂದು ಮಿಲಿಮೀಟರಿನ ವಾಕ್ಸೆಲ್‌ನಲ್ಲಿ ಮೂಳೆ 0.3 ಮಿ.ಮೀ. ಎಂದುಕೊಳ್ಳಿ, ಉಳಿದದ್ದು ಮೇಲೆ ಅರ್ಧ ಕೊಬ್ಬು, ಕೆಳಗೆ ಅರ್ಧ ಕೆನ್ನೆಯೊಳಗಿನ ಪೊಳ್ಳಾದ ಸೈನಸ್ಸಿನ ಗಾಳಿ. ಮೂಳೆಗೆ 1000, ಕೊಬ್ಬಿಗೆ -100, ಗಾಳಿಗೆ -1000 ಎಂದು ಸರಾಸರಿ ತೆಗೆದರೆ ಸುಮಾರು -85 ಬರುತ್ತದೆ. ಕಂಪ್ಯೂಟರ್ ಅಲ್ಲಿ ಮೂಳೆಯೇ ಇಲ್ಲವೆನ್ನುತ್ತದೆ. ಪೆಟ್ಟಾದ ಬದಿಯಲ್ಲಿ ಸೈನಸ್ ತುಂಬ ರಕ್ತ. ಗಾಳಿಯ ಜಾಗಕ್ಕೆ ರಕ್ತದ 50 ಹಾಕಿ ನೋಡಿ, ಸರಾಸರಿ 280 ದಾಟುತ್ತದೆ, ಮೂಳೆ ಉಳಿದುಕೊಳ್ಳುತ್ತದೆ. ಆರೋಗ್ಯವಂತ ಬದಿಯೇ ಹೆಚ್ಚು ಮುರಿದಂತೆ ಕಂಡದ್ದು ಹೀಗೆ.

ಮಾದರಿ ತಂದ ಹುಡುಗ "ಥ್ರೆಶೋಲ್ಡ್ ಇಳಿಸೋಣ ಸರ್" ಎಂದ. ಜಾಣ, ಆದರೆ ಆತುರಗಾರ. -85ಕ್ಕೆ ಇಳಿಸಿದರೆ ಕಣ್ಣುಗುಡ್ಡೆ, ಸ್ನಾಯು, ಕೆನ್ನೆ ಎಲ್ಲವೂ ಮೂಳೆಯಾಗುತ್ತವೆ. ನನಗೆ ಹೆಚ್ಚು ಸಿಟ್ಟು ಬಂದದ್ದು ನಯಗೊಳಿಸಿದ ರೀತಿಗೆ. ಪ್ರತಿ ಚುಕ್ಕೆಗೂ ಸುತ್ತಲಿನ ಬೆಲೆಗಳ ನಡುವಿನದನ್ನು ಕೊಡುವ ಮೀಡಿಯನ್ ಫಿಲ್ಟರ್ ಅನ್ನು ಮೂರು ಮಿಲಿಮೀಟರಿಗೆ ಇಟ್ಟು ಹೊಡೆದಿದ್ದರು. ಅದು ಅಳಿದುಳಿದ ತೆಳು ಅಂಚನ್ನೂ ತಿಂದು, ಸುಳ್ಳು ತೂತಿನ ಬಾಯನ್ನು ದುಂಡಗೆ ಮಾಡಿ, ಹುಟ್ಟಿನಿಂದಲೇ ಇದ್ದ ರಂಧ್ರದಂತೆ ತೋರಿಸಿತ್ತು. ಚಿಂದಿಯಂಚು ಉಳಿದಿದ್ದರೆ ಯಾರಿಗಾದರೂ ಅನುಮಾನವಾದರೂ ಬರುತ್ತಿತ್ತು.

ಮುಂದಿನಿಂದ ಕತ್ತರಿಸಿದ ನೋಟದಲ್ಲಿ ಬಲಗಣ್ಣಿನ ಕೊಬ್ಬು ಎಲ್ಲೂ ಸೈನಸ್ಸಿಗೆ ಜೋತುಬಿದ್ದಿರಲಿಲ್ಲ. ಕಪ್ಪು ಗಾಳಿಯ ಮೇಲೆ ನುಣುಪಾದ ಗೆರೆಯಂತೆ ನಿಂತಿತ್ತು. ತಳ ಮುರಿದಿಲ್ಲವೆನ್ನಲು ಅದೇ ಸಾಕ್ಷಿ. ಹಾಗಾಗಿ ಮೂಳೆಯನ್ನು ಬಿಟ್ಟು ಗಾಳಿಯನ್ನು ಹಿಡಿದೆವು. -500ಕ್ಕಿಂತ ಕೆಳಗಿನದನ್ನು ಆರಿಸಿ, ಅದರ ಮೇಲಂಚನ್ನೇ ತಳವೆಂದಿಟ್ಟುಕೊಂಡು, ಸೇರದ ಕಡೆ ಪದರ ಪದರವಾಗಿ ಕೈಯಿಂದ ತಿದ್ದಿದೆವು. ಮುದ್ರಣ ತಾಳಲೆಂದು ಒಂದು ಮಿಲಿಮೀಟರ್ ದಪ್ಪ ಕೊಟ್ಟೆವು, ಅದೂ ಸೈನಸ್ಸಿನ ಕಡೆಗೆ ಮಾತ್ರ. ಕಣ್ಣಿನ ಕಡೆಗೆ ಕೊಟ್ಟಿದ್ದರೆ ಜಾಲರಿ ಅಷ್ಟೇ ಮೇಲೆ ಕೂರುತ್ತಿತ್ತು. ಕೊನೆಗೆ ಮಾದರಿಯ ಹೊರಗೆರೆಯನ್ನು ಮೂಲ ಪದರಗಳ ಮೇಲಿಟ್ಟು ಒಂದೊಂದನ್ನೂ ನೋಡಿದೆವು.

ಪರದೆಯ ಬೂದು ಚಿತ್ರವನ್ನು ಹತ್ತು ಬಾರಿ ಅನುಮಾನಿಸುವವರು ಕೈಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಕಣ್ಣುಮುಚ್ಚಿ ನಂಬುತ್ತಾರೆ. ಆ ವೈದ್ಯರು ನಂಬಲಿಲ್ಲ, ಅದಕ್ಕೇ ನನಗವರು ಇಷ್ಟ. ಹೊಸ ಮಾದರಿಯ ಬುಡದಲ್ಲಿ "ಬಲ ತಳ: ಕೈಯಿಂದ ತಿದ್ದಿದ್ದು" ಎಂದು ಅಚ್ಚು ಹಾಕಿಸಿದೆ. ಹುಡುಗನಿಗೆ ಅದು ಅಂದಗೆಡಿಸಿದಂತೆ ಕಂಡಿತು.